ಹೆಸರು ಬದಲಾದ ಹನ್ನೆರಡು ವಿಡಿಯೊಗಳು

ನಾನು ರಾಯಚೂರಿನಲ್ಲಿ ಮನೆಯಲ್ಲೇ ಕುಳಿತು ವಿಡಿಯೊ ಎಡಿಟಿಂಗ್ ಮಾಡುವವಳು. ಮೊದಮೊದಲು ಮದುವೆ, ಮುಂಜಿವೆ, ಶಾಲೆಯ ವಾರ್ಷಿಕೋತ್ಸವ, ಇವೇ ಬರುತ್ತಿದ್ದವು. ಈಗ ಹೆಚ್ಚಿನ ಕೆಲಸ ಯೂಟ್ಯೂಬ್ ಚಾನೆಲ್ ಇಟ್ಟುಕೊಂಡವರದು. ಇವತ್ತು ನಿಮಗೆ ಹೇಳಬೇಕೆಂದಿರುವುದು ಅಂಥವರಲ್ಲಿ ಒಬ್ಬರಿಗೆ ನಾನು ಬರೆದ ಒಂದು ಪತ್ರದ ವಿಷಯ. ಪತ್ರ ಎಂದರೆ ವಾಟ್ಸಾಪಿನಲ್ಲಿ ಬರೆದದ್ದೇ. ಆದರೆ ಬರೆಯಲು ಎರಡು ರಾತ್ರಿ ಹಿಡಿಯಿತು.

ಅವರು ಮಾನ್ವಿಯ ಕಡೆಯ ನಿವೃತ್ತ ಮಾಸ್ತರರು. ಮನೆಯ ಹಿರಿಯರಿಂದ ಬಾಯಿಪಾಠವಾಗಿ ಬಂದ ಹರಿಕಥಾಮೃತಸಾರ, ಸುಳಾದಿಗಳು, ಉಗಾಭೋಗಗಳು ಅವರ ಹತ್ತಿರ ಇವೆ. ದಾಸ ಸಾಹಿತ್ಯದ ಮಟ್ಟಿಗೆ ನಮ್ಮ ಜಿಲ್ಲೆ ಎಂಥ ಸೀಮೆ ಎಂಬುದು ನಿಮಗೆ ಗೊತ್ತು. ವಿಜಯದಾಸರು ಹುಟ್ಟಿದ ಚೀಕಲಪರ್ವಿ ಮಾನ್ವಿ ಸೀಮೆಯದು. ಅವರ ಶಿಷ್ಯ ಗೋಪಾಲದಾಸರು ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನವರು. ಹರಿಕಥಾಮೃತಸಾರವನ್ನು ಬರೆದ ಜಗನ್ನಾಥದಾಸರು ಬ್ಯಾಗವಾಟದಲ್ಲಿ ಹುಟ್ಟಿ ಮಾನ್ವಿಯಲ್ಲೇ ನೆಲೆ ನಿಂತವರು, 1809ರಲ್ಲಿ ಅಲ್ಲೇ ಕಾಲವಾದವರು. ಮಾಸ್ತರರ ಮನೆಯ ಅಂಗಳದಲ್ಲಿ ನಿಂತರೆ ಈ ಮೂರೂ ಊರು ಒಂದು ದಿನದ ತಿರುಗಾಟದೊಳಗೆ ಬರುತ್ತವೆ. ಅವರು ಹಾಗೆ ತಿರುಗಿಯೇ ಭಜನಾ ಮಂಡಳಿಯ ಜೊತೆ ಹಾಡಿದ್ದನ್ನು ಮೊಮ್ಮಗನ ಫೋನಿನಲ್ಲಿ ಹಿಡಿದು ಚಾನೆಲ್ಲಿಗೆ ಹಾಕಿದ್ದರು. ಒಟ್ಟು 64 ವಿಡಿಯೊ. ಹಾಡಿಕೆ ಬಹಳ ಚಂದ. ನೋಡುವವರು ಮಾತ್ರ ಮಂಡಳಿಯವರು, ಅವರ ನೆಂಟರು, ಅಷ್ಟೇ.

ಧ್ವನಿ ಸರಿಪಡಿಸಿ, ಮುಂದೆ ಹಿಂದೆ ಇದ್ದ ಬೇಡದ ಭಾಗ ಕತ್ತರಿಸಿ ಕೊಡಬೇಕೆಂದು ಅವರು ಕೆಲಸ ಒಪ್ಪಿಸಿದರು. ಪಾಸ್‌ವರ್ಡ್ ಕೊಡಲು ಬಂದಾಗ ಬೇಡವೆಂದೆ. ಚಾನೆಲ್ಲಿನ ಒಡೆಯರು ಅವರೇ ಆಗಿದ್ದು, ನನಗೆ ಎಡಿಟರ್ ಎಂಬ ಅನುಮತಿ ಮಾತ್ರ ಕೊಡುವ ದಾರಿ ಯೂಟ್ಯೂಬ್ ಸ್ಟುಡಿಯೊದಲ್ಲಿದೆ. ಆ ಅನುಮತಿ ಇದ್ದವರು ವಿವರ ತಿದ್ದಬಹುದು, ಪ್ರಕಟವಾದ ವಿಡಿಯೊವನ್ನು ಅಳಿಸಿಹಾಕಲಾರರು. ನಿಮ್ಮ ಚಾನೆಲ್ಲನ್ನು ಬೇರೆಯವರ ಕೈಗೆ ಕೊಡುವಾಗ ಹೀಗೇ ಕೊಡಿ.

ಕೆಲಸ ಮಾಡುತ್ತ ಕುಳಿತಾಗ ಅಡ್ಡಿಯಾಗಿರುವುದು ಧ್ವನಿಯೊಂದೇ ಅಲ್ಲ, ಶೀರ್ಷಿಕೆಯೂ ಹೌದು ಎನ್ನಿಸಿತು. ಒಂದು ಸಂಜೆ 12 ವಿಡಿಯೊಗಳ ಶೀರ್ಷಿಕೆ ಬದಲಿಸಿದೆ. ಮಾಸ್ತರರನ್ನು ಕೇಳಲಿಲ್ಲ. ಮರುದಿನ ಬೆಳಿಗ್ಗೆ ಏಳು ಗಂಟೆಗೇ ಫೋನು.

“ತಂಗಿ, ಯಾರೋ ನಮ್ಮ ಚಾನೆಲ್ ಕದ್ದಾರ ನೋಡು. ವಿಡಿಯೊ ಹೆಸರೆಲ್ಲಾ ಬ್ಯಾರೆ ಆಗ್ಯಾವ. ಕೆಲವಂತೂ ಇಂಗ್ಲಿಷ್‌ನ್ಯಾಗ ಬಂದಾವ!”

“ಯಾರೂ ಕದ್ದಿಲ್ಲ ಸರ್. ನಾನೇ ಬದಲಿ ಮಾಡೀನಿ.”

ಸ್ವಲ್ಪ ಹೊತ್ತು ಅವರು ಮಾತಾಡಲಿಲ್ಲ. ಆಮೇಲೆ, “ಹೇಳದ ಮಾಡಿದ್ಯಾ? ನಮ್ಮ ಮಂಡಳಿ ಹೆಸರ ತಗದು ಹಿಂದಕ ಒಗದೀಯಲ್ಲವ್ವಾ. ಮಂದಿಗೆ ಏನಂತ ಹೇಳಲಿ?” ಎಂದರು.

ಅವರ ಮಾತು ಸರಿಯಾಗಿತ್ತು. ಕೇಳದೆ ಮಾಡಿದ್ದು ನನ್ನ ತಪ್ಪು. ಅವತ್ತೇ ಹಳೆಯ ಶೀರ್ಷಿಕೆಗಳನ್ನೆಲ್ಲ ಮರಳಿ ಹಾಕಿದೆ. ನಂತರ ಕುಳಿತು ಆ ಪತ್ರ ಬರೆದೆ. ಏಕೆ ಬದಲಿಸಿದೆ, ಬದಲಿಸಿದರೆ ಏನಾಗುತ್ತದೆ, ಏನಾಗುವುದಿಲ್ಲ ಎಂದು. ಅವರು ಓದಿ ಒಪ್ಪಿದರೆ ಮಾತ್ರ ಮತ್ತೆ ಕೈಹಾಕುವುದೆಂದು ಮೊದಲ ಸಾಲಿನಲ್ಲೇ ಬರೆದೆ.

ಮೊದಲು ಒಂದು ಹಳೆಯ ಶೀರ್ಷಿಕೆ ಕೇಳಿ. ಮಂಡಳಿಯ ಪೂರ್ಣ ಹೆಸರು ಬಿಟ್ಟು ಉಳಿದದ್ದನ್ನು ಹೇಳುತ್ತೇನೆ. “ಭಜನಾ ಮಂಡಳಿ ಮಾನ್ವಿ: ಜಗನ್ನಾಥದಾಸರ ಆರಾಧನೆ ಪ್ರಯುಕ್ತ ಭಜನೆ ಭಾಗ 7”. ಇದರಲ್ಲಿ ಸುಳ್ಳು ಒಂದೂ ಇಲ್ಲ. ಹೀಗೇ ಭಾಗ 1ರಿಂದ ಭಾಗ 19ರ ತನಕ ಇದ್ದವು. ಈ ಭಾಗ 7ರಲ್ಲಿ ಏನಿತ್ತು ಗೊತ್ತೇ? ಹರಿಕಥಾಮೃತಸಾರದ ಮೊದಲನೆಯ ಸಂಧಿ, ಮಂಗಳಾಚರಣ ಸಂಧಿ, ಆರಂಭದಿಂದ ಕೊನೆಯವರೆಗೆ, ಒಂದು ಪದವೂ ನುಂಗದ ಹಾಗೆ, ಕಲಿಯುವವರು ಹಿಂದೆ ಹಿಂದೆ ಹೇಳಿಕೊಳ್ಳಬಹುದಾದಷ್ಟು ನಿಧಾನವಾಗಿ. ಶೀರ್ಷಿಕೆಯಲ್ಲಿ ಅದರ ಸುಳಿವೇ ಇರಲಿಲ್ಲ.

ಪತ್ರದಲ್ಲಿ ನಾನು ಹೀಗೆ ಬರೆದೆ: “ಸರ್, ನಿಮ್ಮ ಶೀರ್ಷಿಕೆ ಕರಪತ್ರದ ಹಾಗೆ ಇದೆ. ಕರಪತ್ರದಲ್ಲಿ ಯಾರು ನಡೆಸುತ್ತಾರೆ, ಯಾವ ಪ್ರಯುಕ್ತ, ಎಲ್ಲಿ ಎಂಬುದು ಮೇಲೆ ಇರಬೇಕು, ಯಾಕಂದರೆ ಓದುವವರು ನಿಮ್ಮನ್ನು ಬಲ್ಲವರು, ಬರುವುದೋ ಬಿಡುವುದೋ ಎಂದು ನೋಡುವವರು. ಫೋನಿನಲ್ಲಿ ಹುಡುಕುವವರು ನಿಮ್ಮನ್ನು ಬಲ್ಲವರಲ್ಲ. ಪುಣೆಯಲ್ಲಿರುವ ಒಬ್ಬ ಸೊಸೆಗೆ ಅತ್ತೆ ‘ಮಂಗಳಾಚರಣ ಸಂಧಿ ಕಲಿ’ ಎಂದಿದ್ದಾರೆ ಅಂತ ಇಟ್ಟುಕೊಳ್ಳಿ. ಆಕೆ ಹುಡುಕುವುದು ಸಂಧಿಯ ಹೆಸರನ್ನು. ನಿಮ್ಮ ಹಾಡಿಕೆ ಆಕೆಗೆ ಬೇಕಾದದ್ದೇ. ಆದರೆ ಆಕೆ ಬರೆದ ಒಂದು ಶಬ್ದವೂ ನಿಮ್ಮ ಶೀರ್ಷಿಕೆಯಲ್ಲಿಲ್ಲ.”

ಯೂಟ್ಯೂಬಿನ ಹುಡುಕಾಟ ಹಲವು ಸಂಗತಿಗಳನ್ನು ನೋಡುತ್ತದೆ. ಹುಡುಕಿದ ಶಬ್ದಕ್ಕೂ ಶೀರ್ಷಿಕೆ, ವಿವರಣೆ, ವಿಡಿಯೊದೊಳಗಿನ ವಿಷಯಕ್ಕೂ ಎಷ್ಟು ಹೊಂದಿಕೆ ಇದೆ ಎಂಬುದು ಒಂದು. ಹಾಗೆ ಹುಡುಕಿ ಬಂದವರು ಎಷ್ಟು ಹೊತ್ತು ನಿಂತು ನೋಡಿದರು ಎಂಬುದು ಇನ್ನೊಂದು. ಹೊಂದಿಕೆಯೇ ಇಲ್ಲದಿದ್ದರೆ ಎರಡನೆಯದು ನಡೆಯುವ ಸಂದರ್ಭವೇ ಬರುವುದಿಲ್ಲ. ಹಾಡಿಕೆ ಎಷ್ಟು ಚೆನ್ನಾಗಿದೆ ಎಂದು ತಿಳಿಯಬೇಕಾದರೆ ಮೊದಲು ಯಾರಾದರೂ ಕೇಳಬೇಕಲ್ಲ.

ಇನ್ನು ಉದ್ದದ ವಿಷಯ. ಶೀರ್ಷಿಕೆಗೆ ಯೂಟ್ಯೂಬ್ ಇಟ್ಟಿರುವ ಮಿತಿ 100 ಅಕ್ಷರ. ಆದರೆ ಯಂತ್ರ ಎಣಿಸುವ ಅಕ್ಷರ ನಮ್ಮ ವರ್ಣಮಾಲೆಯ ಅಕ್ಷರವಲ್ಲ. ಕೊಂಬು, ಇಳಿ, ಒತ್ತು, ಎಲ್ಲವನ್ನೂ ಬೇರೆ ಬೇರೆಯಾಗಿ ಲೆಕ್ಕ ಹಿಡಿಯುತ್ತದೆ. “ಜಗನ್ನಾಥದಾಸರು” ಎಂದು ಬಾಯಲ್ಲಿ ಹೇಳಿ ಎಣಿಸಿ, ಏಳು ಅಕ್ಷರ. ಯಂತ್ರಕ್ಕೆ ಅದು ಹನ್ನೆರಡು. ಆದ್ದರಿಂದ ಕನ್ನಡದಲ್ಲಿ ನೂರು ಬಹಳ ಬೇಗ ತುಂಬುತ್ತದೆ. ಅದಕ್ಕಿಂತ ಮುಖ್ಯವಾದದ್ದು, ಫೋನಿನ ಪಟ್ಟಿಯಲ್ಲಿ ಕಾಣುವುದು ಒಂದೆರಡು ಸಾಲು ಮಾತ್ರ. ಆಮೇಲೆ ಮೂರು ಚುಕ್ಕಿ. ಮಾಸ್ತರರ 19 ವಿಡಿಯೊಗಳನ್ನು ಫೋನಿನಲ್ಲಿ ತೆರೆದರೆ 19ರ ಮೊದಲರ್ಧವೂ ಒಂದೇ. ಬೇರೆಯಾಗಿದ್ದ ಏಕೈಕ ಗುರುತು ಕೊನೆಯ ಅಂಕಿ. ಹಲವು ಸಲ ಆ ಅಂಕಿಯೂ ಚುಕ್ಕಿಗಳ ಹಿಂದೆ ಮರೆ. ಒಮ್ಮೆ ಅವರ ಮಂಡಳಿಯವರೇ ಒಬ್ಬರು ಕರುಣಾ ಸಂಧಿ ಯಾವ ಭಾಗದಲ್ಲಿದೆ ಎಂದು ಕೇಳಿದಾಗ ಅವರಿಗೇ ಹೇಳಲು ಆಗಿರಲಿಲ್ಲವಂತೆ. ಅದನ್ನು ಅವರೇ ಆಮೇಲೆ ನನಗೆ ಹೇಳಿದರು.

ಹಾಗಾಗಿ ಭಾಗ 7ಕ್ಕೆ ನಾನು ಕೊಟ್ಟ ಹೊಸ ಹೆಸರು: “ಹರಿಕಥಾಮೃತಸಾರ ಮಂಗಳಾಚರಣ ಸಂಧಿ, ಪೂರ್ಣ, ನಿಧಾನ ಪಠಣ, ಮಾನ್ವಿ”. ಗ್ರಂಥದ ಹೆಸರು ಮೊದಲು, ಸಂಧಿಯ ಹೆಸರು ಅದರ ಬೆನ್ನಿಗೇ, ಆಮೇಲೆ ಈ ವಿಡಿಯೊ ಬೇರೆಯವುಗಳಿಗಿಂತ ಯಾವುದರಲ್ಲಿ ಬೇರೆ ಎಂಬ ಒಂದು ಮಾತು, ಕೊನೆಗೆ ಊರು. ಆರಾಧನೆ, ವರ್ಷ, ಮಂಡಳಿಯ ಹೆಸರು, ಹಾಡಿದವರ ಹೆಸರು ವಿವರಣೆಯ ಮೊದಲ ಎರಡು ಸಾಲಿನಲ್ಲಿ. ಸಂಧಿಗೆ ಸಂಖ್ಯೆಯೊಂದನ್ನೇ ಹಾಕಿದರೆ ಸಾಲದು. ಹರಿಕಥಾಮೃತಸಾರದಲ್ಲಿ 32 ಸಂಧಿಗಳಿವೆ. ಆದರೆ ಕಲಿಯುವವರ ಬಾಯಲ್ಲಿರುವುದು ಕರುಣಾ ಸಂಧಿ, ವ್ಯಾಪ್ತಿ ಸಂಧಿ, ಭೋಜನ ಸಂಧಿ ಎಂಬ ಹೆಸರುಗಳೇ.

ಸುಳಾದಿಗಳ ಕತೆ ಸ್ವಲ್ಪ ಬೇರೆ. ಸುಳಾದಿ ಎಂದರೆ ಒಂದೇ ತಾಳದ ಹಾಡಲ್ಲ. ಧ್ರುವ, ಮಟ್ಟ, ತ್ರಿಪುಟ, ಅಟ್ಟ, ಆದಿ ಹೀಗೆ ತಾಳದಿಂದ ತಾಳಕ್ಕೆ ಸಾಗಿ ಕೊನೆಗೆ ಜತೆಯಲ್ಲಿ ಮುಗಿಯುತ್ತದೆ. ನಿತ್ಯ ಹೇಳಿಕೊಳ್ಳುವವರಿಗೆ ಜತೆ ಬಿಟ್ಟುಹೋದ ಸುಳಾದಿ ಪ್ರಯೋಜನವಿಲ್ಲ. ಹುಡುಕುತ್ತ ಹೋಗಿ ನಾಲ್ಕು ನಿಮಿಷದ ತುಣುಕು ಸಿಕ್ಕಿ ನಿರಾಶರಾದವರು ಅನೇಕರು. ಮಾಸ್ತರರು ವಿಜಯದಾಸರ ದುರ್ಗಾ ಸುಳಾದಿಯನ್ನು ಜತೆಯವರೆಗೂ ಹೇಳಿದ್ದಾರೆ. ಆದ್ದರಿಂದ ಅಲ್ಲಿ “ಜತೆ ಸಹಿತ ಪೂರ್ಣ” ಎಂಬ ಮೂರು ಶಬ್ದ ಬಹಳ ಬೆಲೆಯವು. ಅವರ ಹಳೆಯ ಶೀರ್ಷಿಕೆ “ಅಮ್ಮನವರ ಸುಳಾದಿ” ಎಂದಷ್ಟೇ ಇತ್ತು.

ಒಂದು ವಿಷಯದಲ್ಲಿ ಮಾತ್ರ ಪತ್ರ ಬರೆಯುವಾಗಲೂ ಗಟ್ಟಿಯಾಗಿ ನಿಂತೆ. ಮಾಸ್ತರರ ಪರಿಚಯದ ಹುಡುಗನೊಬ್ಬ, ದೇವದುರ್ಗದವನು, “ಇದನ್ನು ಕೇಳಿದರೆ ಹೊಟ್ಟೆನೋವು ಮಾಯ ಅಂತ ಹಾಕ್ರಿ, ಮಂದಿ ಒತ್ತತಾರ” ಎಂದು ಸಲಹೆ ಕೊಟ್ಟಿದ್ದನಂತೆ. ಅವನಿಗೆ ಅದು ಹೊಳೆದದ್ದಕ್ಕೆ ಕಾರಣವಿದೆ. ಪಂಡಿತರಾಗಿದ್ದ ಶ್ರೀನಿವಾಸಾಚಾರ್ಯರು ವಿಜಯದಾಸರನ್ನು ಹಗುರಾಗಿ ಕಂಡರು, ಅವರಿಗೆ ಹೊಟ್ಟೆಯ ವ್ಯಾಧಿ ಬಂತು, ಗೋಪಾಲದಾಸರು ತಮ್ಮ ಆಯುಸ್ಸಿನ 40 ವರ್ಷವನ್ನು ಅವರಿಗೆ ಧಾರೆ ಎರೆದರು, ಅವರೇ ಮುಂದೆ ಜಗನ್ನಾಥದಾಸರಾದರು ಎಂಬ ಐತಿಹ್ಯ ನಮ್ಮ ಕಡೆ ಮನೆಮನೆಯಲ್ಲಿದೆ. ಐತಿಹ್ಯವನ್ನು ಐತಿಹ್ಯವಾಗಿ ವಿವರಣೆಯಲ್ಲಿ ಹೇಳೋಣ, ಔಷಧದ ಜಾಹೀರಾತು ಮಾಡುವುದು ಬೇಡ ಎಂದು ಬರೆದೆ. ದಾರಿತಪ್ಪಿಸುವ ಶೀರ್ಷಿಕೆಗೆ ಯೂಟ್ಯೂಬಿನ ನಿಯಮದಲ್ಲೇ ನಿಷೇಧವಿದೆ. ಅದು ಹಾಗಿರಲಿ, ಹೊಟ್ಟೆನೋವಿಗೆಂದು ಬಂದವನು ಪಠಣ ಶುರುವಾದ ಅರ್ಧ ನಿಮಿಷಕ್ಕೇ ಹೊರಟುಹೋಗುತ್ತಾನೆ. ಹಾಗೆ ಬಂದು ಬಂದು ಹೋದವರಿಂದಲೇ ಈ ವಿಡಿಯೊ ಜನಕ್ಕೆ ಬೇಡವಾದದ್ದೆಂಬ ಗುರುತು ಅದರ ಮೇಲೆ ಬೀಳುತ್ತದೆ. ನೋವಿರುವವನು ಡಾಕ್ಟರರ ಹತ್ತಿರ ಹೋಗುವ ಬದಲು ನಮ್ಮ ವಿಡಿಯೊ ಹಾಕಿಕೊಂಡು ಕುಳಿತರೆ ಆ ಪಾಪ ಬೇರೆ.

ಇನ್ನು ಅವರನ್ನು ಹೆಚ್ಚು ಗಾಬರಿಪಡಿಸಿದ್ದ ಇಂಗ್ಲಿಷ್ ಶೀರ್ಷಿಕೆಗಳ ವಿಷಯ. ಅದರಲ್ಲಿ ನನ್ನದೇ ಅರೆ ತಿಳಿವಳಿಕೆ ಇತ್ತು. ಒಂದು ವಿಡಿಯೊಗೆ ಮೂಲ ಭಾಷೆಯ ಶೀರ್ಷಿಕೆಯ ಜೊತೆ ಬೇರೆ ಭಾಷೆಯ ಶೀರ್ಷಿಕೆಯನ್ನೂ ಸೇರಿಸುವ ಸೌಲಭ್ಯ ಸ್ಟುಡಿಯೊದಲ್ಲಿದೆ. ಹೊರನಾಡಿನಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಕನ್ನಡ ಓದಲು ಬಾರದು, ಅವರಿಗಾಗಿ ಇಂಗ್ಲಿಷ್ ಲಿಪಿಯ ಶೀರ್ಷಿಕೆ ಹೀಗೆ ಸೇರಿಸೋಣ ಎಂದು ನಾಲ್ಕು ವಿಡಿಯೊಗಳಿಗೆ ಮಾಡಿದ್ದೆ. ಯಾರಿಗೆ ಯಾವುದು ಕಾಣಬೇಕೆಂದು ತೀರ್ಮಾನಿಸುವುದು ನೋಡುವವರ ಫೋನಿನ ಭಾಷೆಯ ಸೆಟ್ಟಿಂಗು. ನಮ್ಮ ಜಿಲ್ಲೆಯಲ್ಲಿ ಅಪ್ಪಟ ಕನ್ನಡ ಮಾತಾಡುವವರ ಫೋನು ಕೂಡ ಅಂಗಡಿಯಿಂದ ಬಂದಾಗ ಇದ್ದ ಇಂಗ್ಲಿಷಿನಲ್ಲೇ ಇರುತ್ತದೆ. ಮಾಸ್ತರರದೂ ಹಾಗೇ. ಅಮೆರಿಕದ ಮೊಮ್ಮಕ್ಕಳಿಗೆಂದು ಮಾಡಿದ್ದು ಮಾನ್ವಿಯ ಅಜ್ಜನ ಫೋನಿನಲ್ಲೇ ಕನ್ನಡವನ್ನು ಮರೆಮಾಡಿಬಿಟ್ಟಿತು. ನಾನು ನನ್ನ ಫೋನಿನಲ್ಲಿ ನೋಡಿ ಸರಿಯಿದೆ ಅಂದುಕೊಂಡಿದ್ದೆ, ಯಾಕಂದರೆ ನನ್ನದು ಕನ್ನಡದಲ್ಲಿತ್ತು. ಈಗ ಆ ಅನುವಾದದ ಶೀರ್ಷಿಕೆಗಳನ್ನು ತೆಗೆದು, ಕನ್ನಡ ಶೀರ್ಷಿಕೆಯ ಕೊನೆಯಲ್ಲಿ ಒಂದೇ ಒಂದು ಶಬ್ದ ರೋಮನ್ ಲಿಪಿಯಲ್ಲಿ ಇಡುತ್ತೇನೆ: Harikathamrutasara. ಇದನ್ನೇ ಜನ ಐದಾರು ಬಗೆಯ ಕಾಗುಣಿತದಲ್ಲಿ ಬರೆಯುತ್ತಾರೆ. ಮಾಸ್ತರರ ಊರಿನ ಹೆಸರೇ ಮಾನ್ವಿ ಎಂದೂ ಮಾನವಿ ಎಂದೂ ಓಡಾಡುತ್ತಿದೆಯಲ್ಲ. ಎಲ್ಲವನ್ನೂ ಶೀರ್ಷಿಕೆಯಲ್ಲಿ ತುರುಕಿದರೆ ಓದಲಾಗುವುದಿಲ್ಲ. ಉಳಿದ ರೂಪಗಳಲ್ಲಿ ಒಂದೆರಡು ವಿವರಣೆಯ ವಾಕ್ಯದೊಳಗೆ ಸಹಜವಾಗಿ ಬಂದರೆ ಸಾಕು.

ಪತ್ರದ ಎರಡನೆಯ ಭಾಗವೇ ನನಗೆ ಕಷ್ಟವಾದದ್ದು. ಮುಂದೆ ಏನಾಗುತ್ತದೆ ಎಂದು ಹೇಳುವುದು. ಕೆಲಸ ಕೊಟ್ಟವರಿಗೆ ಆಸೆ ತೋರಿಸುವುದು ಸುಲಭ. ಹೀಗೆ ಮಾಡಿದರೆ ಲಕ್ಷ ವೀಕ್ಷಣೆ ಎಂದು ಬರೆದವರನ್ನು ನಾನು ಕಂಡಿದ್ದೇನೆ. ಹಾಗೆ ಬರೆಯಬಾರದೆಂದು ನಿಶ್ಚಯಿಸಿಕೊಂಡೆ.

“ಸರ್, ಮೊದಲು ಏನು ಆಗುವುದಿಲ್ಲ ಎಂಬುದನ್ನು ಹೇಳುತ್ತೇನೆ. ಶೀರ್ಷಿಕೆ ಬದಲಾದರೂ ವಿಡಿಯೊದ ಲಿಂಕ್ ಬದಲಾಗುವುದಿಲ್ಲ. ನೀವು ಮೂರು ವರ್ಷದ ಹಿಂದೆ ಬೀಗರಿಗೆ ಕಳಿಸಿದ ಲಿಂಕ್ ಒತ್ತಿದರೂ ಅದೇ ವಿಡಿಯೊ ತೆರೆಯುತ್ತದೆ. ಇಲ್ಲಿಯವರೆಗೆ ನೋಡಿದವರ ಎಣಿಕೆ, ಬರೆದ ಅಭಿಪ್ರಾಯಗಳು, ಲೈಕುಗಳು ಎಲ್ಲ ಇದ್ದಲ್ಲೇ ಇರುತ್ತವೆ. ಬೇಡವೆನ್ನಿಸಿದರೆ ಹಳೆಯ ಹೆಸರನ್ನು ಒಂದು ನಿಮಿಷದಲ್ಲಿ ಮರಳಿ ಹಾಕಬಹುದು. ಹಳೆಯದು, ಹೊಸದು, ಬದಲಿಸಿದ ದಿನ, ಮೂರನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಅದರ ಫೋಟೊ ಇದರ ಜೊತೆಗಿದೆ.

“ಮೊದಲ ವಾರ ಲೆಕ್ಕ ನೋಡಬೇಡಿ. ಸ್ಟುಡಿಯೊದ ಅಂಕಿಗಳು ಪೂರ್ತಿಯಾಗಿ ಕೂಡಿಬರಲು ಒಂದೆರಡು ದಿನ ಹಿಡಿಯುತ್ತದೆ. ಮೊದಲಿಗೆ ಸ್ವಲ್ಪ ಇಳಿದ ಹಾಗೂ ಕಾಣಬಹುದು, ಏರಿದ ಹಾಗೂ ಕಾಣಬಹುದು. ದಿನಕ್ಕೆ ಐದಾರು ಜನ ನೋಡುವ ವಿಡಿಯೊದಲ್ಲಿ ಇಬ್ಬರು ಹೆಚ್ಚು ಬಂದರೆ ಅದು ಏನನ್ನೂ ಹೇಳುವುದಿಲ್ಲ. ಸ್ಟುಡಿಯೊ ತಾನೇ 28 ದಿನದ ಲೆಕ್ಕ ತೋರಿಸುತ್ತದೆ. ಬದಲಿಸುವ ಮುಂಚಿನ 28 ದಿನ, ಬದಲಿಸಿದ ಮೇಲಿನ 28 ದಿನ ಎರಡನ್ನೂ ಪಕ್ಕ ಪಕ್ಕ ಇಡೋಣ. ಅದರಲ್ಲೂ ಒಟ್ಟು ಎಷ್ಟು ಜನ ಎನ್ನುವುದಕ್ಕಿಂತ ಹುಡುಕಾಟದಿಂದ ಎಷ್ಟು ಜನ ಬಂದರು ಎಂಬ ಸಾಲನ್ನು ನೋಡಬೇಕು. ಶೀರ್ಷಿಕೆಯ ಕೆಲಸ ಮೊದಲು ಕಾಣುವುದು ಅಲ್ಲಿ.”

ಇಲ್ಲಿ ನಿಲ್ಲಿಸಿ ಒಂದು ಲೆಕ್ಕದ ವಿಷಯ ಕೇಳುಗರಿಗೂ ಹೇಳಬೇಕು. ಇದು ತಿಳಿಯದೆ ಒಳ್ಳೆಯ ಶೀರ್ಷಿಕೆಯನ್ನು ಕಿತ್ತುಹಾಕಿದವರಿದ್ದಾರೆ. ವಿಡಿಯೊ ಎಷ್ಟು ಸಲ ಜನರ ಕಣ್ಣ ಮುಂದೆ ಬಂತು ಎಂಬುದು ಒಂದು ಅಂಕಿ, ಅದಕ್ಕೆ ಇಂಪ್ರೆಶನ್ ಎನ್ನುತ್ತಾರೆ. ಹಾಗೆ ಕಂಡಾಗ ಶೇಕಡಾ ಎಷ್ಟು ಸಲ ಒತ್ತಿ ತೆರೆದರು ಎಂಬುದು ಇನ್ನೊಂದು. ಲೆಕ್ಕಕ್ಕೆಂದು ಹೀಗೆ ಇಟ್ಟುಕೊಳ್ಳಿ. ಹಳೆಯ ಹೆಸರಿದ್ದಾಗ ತಿಂಗಳಿಗೆ 1000 ಸಲ ಕಂಡಿತು, ಶೇಕಡಾ 8ರಷ್ಟು ತೆರೆದರು. 80 ವೀಕ್ಷಣೆಯಾಯಿತು. ಹೊಸ ಹೆಸರಿಗೆ 5000 ಸಲ ಕಂಡಿತು, ಶೇಕಡಾ 4 ಮಾತ್ರ ತೆರೆದರು. 200 ವೀಕ್ಷಣೆಯಾಯಿತು. ಶೇಕಡಾವಾರು ಅರ್ಧಕ್ಕೆ ಇಳಿಯಿತು, ಕೇಳಿದವರು ಎರಡೂವರೆ ಪಟ್ಟಾದರು. ಮೊದಲು ಕಾಣುತ್ತಿದ್ದದ್ದು ಮಾಸ್ತರರ ಪರಿಚಯದವರಿಗೆ, ಅವರು ಹೆಸರು ನೋಡಿಯೇ ತೆರೆಯುತ್ತಿದ್ದರು. ಈಗ ಅಪರಿಚಿತರಿಗೂ ಕಾಣುತ್ತಿದೆ, ಅವರಲ್ಲಿ ಕೆಲವರು ಮಾತ್ರ ತೆರೆಯುತ್ತಾರೆ. ಇದು ಸೋಲಲ್ಲ. ಕಂಡದ್ದು ಹೆಚ್ಚಾಗದೆ ಶೇಕಡಾವಾರು ಮಾತ್ರ ಇಳಿದರೆ ಆಗ ಶೀರ್ಷಿಕೆ ಕೆಟ್ಟಿದೆ ಎಂದು ತಿಳಿಯಬೇಕು. ತೆರೆದವರು ಹೆಚ್ಚಾಗಿ, ಮೊದಲ ಅರ್ಧ ನಿಮಿಷದಲ್ಲೇ ಬಿಟ್ಟುಹೋಗುವವರೂ ಹೆಚ್ಚಾದರೆ, ಶೀರ್ಷಿಕೆ ಹೇಳುವುದೊಂದು, ವಿಡಿಯೊ ಕೊಡುವುದೊಂದು ಆಗಿದೆ. ನಮ್ಮ ಒಂದು ವಿಡಿಯೊದಲ್ಲಿ ಹೀಗೇ ಆಗಿತ್ತು. ಶೀರ್ಷಿಕೆ ಸರಿಯಿತ್ತು. ಪಠಣ ಶುರುವಾಗುವ ಮೊದಲು ಒಂದು ನಿಮಿಷ ನಲವತ್ತು ಸೆಕೆಂಡು ಮೈಕು ಸರಿಮಾಡುವುದು, ಹಾರ್ಮೋನಿಯಂ ಎಳೆದುಕೊಳ್ಳುವುದು, ನೀರು ತರಿಸುವುದು. ಅದನ್ನು ಕತ್ತರಿಸುವುದು ನನ್ನ ಕೆಲಸವೇ ಆಗಿತ್ತು.

ಪತ್ರದಲ್ಲಿ ಇನ್ನೊಂದು ಎಚ್ಚರಿಕೆಯೂ ಇತ್ತು. ಜಗನ್ನಾಥದಾಸರ ಆರಾಧನೆ ಭಾದ್ರಪದ ಶುದ್ಧ ನವಮಿಗೆ. ವಿಜಯದಾಸರದು ಕಾರ್ತಿಕ ಶುದ್ಧ ದಶಮಿಗೆ. ಆ ದಿನಗಳ ಹಿಂದೆ ಮುಂದೆ ಈ ಹಾಡುಗಳನ್ನು ಹುಡುಕುವವರು ಸಹಜವಾಗಿಯೇ ಹೆಚ್ಚು. ನಾವು ಶ್ರಾವಣದಲ್ಲಿ ಹೆಸರು ಬದಲಿಸಿ, ಭಾದ್ರಪದದಲ್ಲಿ ಏರಿದ್ದನ್ನು ಕಂಡು ನಮ್ಮ ಜಾಣತನವೆಂದುಕೊಂಡರೆ ಅದು ತಪ್ಪು. ಅದಕ್ಕೇ 64ನ್ನೂ ಒಟ್ಟಿಗೆ ಬದಲಿಸುವುದು ಬೇಡ, 12 ಮಾತ್ರ ಬದಲಿಸೋಣ, ಅಂಥವೇ ಇನ್ನೊಂದು 12ನ್ನು ಹಳೆಯ ಹೆಸರಿನಲ್ಲೇ ಬಿಡೋಣ ಎಂದೆ. ಆರಾಧನೆಯ ಕಾಲಕ್ಕೆ ಎರಡೂ ಗುಂಪು ಸಮಸಮವಾಗಿ ಏರಿದರೆ ಅದು ಹಬ್ಬದ ಏರಿಕೆ. ಬದಲಿಸಿದ ಗುಂಪೊಂದೇ ಏರಿದರೆ, ಹಬ್ಬ ಮುಗಿದ ಮೇಲೂ ಪೂರ್ತಿ ಇಳಿಯದೆ ನಿಂತರೆ, ಅದು ಹೆಸರಿನಿಂದ ಆದದ್ದು. ಆಗಲೇ ಚೆನ್ನಾಗಿ ಓಡುತ್ತಿದ್ದ ಮೂರು ವಿಡಿಯೊಗಳನ್ನು ಎರಡೂ ಗುಂಪಿಗೆ ಸೇರಿಸಲಿಲ್ಲ. ನಡೆಯುತ್ತಿರುವ ಎತ್ತಿಗೆ ಬಾರುಕೋಲು ಯಾಕೆ?

ಮಾಸ್ತರರು ಪತ್ರಕ್ಕೆ ನಾಲ್ಕು ದಿನ ಉತ್ತರ ಕೊಡಲಿಲ್ಲ. ಐದನೆಯ ದಿನ ಫೋನು ಮಾಡಿ, “ಪೂರಾ ಓದೀನಿ. ಎರಡು ಸಲ ಓದೀನಿ. ಮಾಡು. ಆದ್ರ ಒಂದು ತಪ್ಪು ಮಾಡೀದಿ, ಅದನ್ನ ಮೊದಲು ಕೇಳು” ಎಂದರು.

ಆ ತಪ್ಪನ್ನು ನಾನು ಮರೆಯಲಾರೆ. ಒಂದು ಪದವನ್ನು ವಿಜಯದಾಸರದೆಂದು ಶೀರ್ಷಿಕೆಯಲ್ಲಿ ಬರೆದಿದ್ದೆ. ಚೀಕಲಪರ್ವಿಯಲ್ಲಿ ಹಾಡಿದ್ದು, ವಿಜಯದಾಸರ ಕಾರ್ಯಕ್ರಮದಲ್ಲಿ ಹಾಡಿದ್ದು, ಆದ್ದರಿಂದ ಅವರದೇ ಎಂದುಕೊಂಡೆ. ಮಾಸ್ತರರು ಕೇಳಿದರು: “ಕಡೀ ಚರಣ ಕೇಳಿದ್ಯಾ?” ಕೇಳಿರಲಿಲ್ಲ. ನಡುವಿನ ತನಕ ಕೇಳಿ, ಧ್ವನಿ ಸರಿಯಿದೆ ಎಂದು ಬಿಟ್ಟಿದ್ದೆ. ಕೊನೆಯ ಚರಣದಲ್ಲಿ ಅಂಕಿತ ಬರುತ್ತದೆ. ವಿಜಯವಿಠಲ ಎಂದಿದ್ದರೆ ವಿಜಯದಾಸರು, ಗೋಪಾಲವಿಠಲ ಎಂದಿದ್ದರೆ ಗೋಪಾಲದಾಸರು, ಜಗನ್ನಾಥವಿಠಲ ಎಂದಿದ್ದರೆ ಜಗನ್ನಾಥದಾಸರು. ಆ ಪದದ ಕೊನೆಯಲ್ಲಿದ್ದದ್ದು ಗೋಪಾಲವಿಠಲ. ಮೊಸರಕಲ್ಲಿನ ದಾಸರ ಪದವನ್ನು ನಾನು ಅವರ ಗುರುಗಳ ಹೆಸರಿಗೆ ಬರೆದಿದ್ದೆ. ಹಳೆಯ ಶೀರ್ಷಿಕೆ ಯಾರಿಗೂ ಏನೂ ಹೇಳುತ್ತಿರಲಿಲ್ಲ ನಿಜ, ಆದರೆ ಸುಳ್ಳಂತೂ ಹೇಳುತ್ತಿರಲಿಲ್ಲ. ನನ್ನದು ಹುಡುಕಿದವರಿಗೆ ಬೇಗ ಸಿಗುವ ಸುಳ್ಳು. ಯಾರಾದರೂ ಅದನ್ನು ನೋಡಿ ಹಾಗೇ ಬರೆದುಕೊಂಡಿದ್ದರೆ? ಹಾಗೆ ಒಬ್ಬರಿಂದ ಒಬ್ಬರಿಗೆ ಹೋಗಿ ಕರ್ತೃವಿನ ಹೆಸರೇ ಬದಲಾದ ಪದಗಳು ಈಗಾಗಲೇ ಇವೆ.

ಅಂದಿನಿಂದ ಕ್ರಮ ಬದಲಾಯಿತು. ಪದವಾದರೆ ಕೊನೆಯ ಚರಣ, ಸುಳಾದಿಯಾದರೆ ಜತೆ, ಕಿವಿಯಾರೆ ಕೇಳಿ ಅಂಕಿತವನ್ನು ನೋಟ್‌ಬುಕ್ಕಿನಲ್ಲಿ ಬರೆಯದೆ ಶೀರ್ಷಿಕೆಗೆ ಕೈಹಚ್ಚುವುದಿಲ್ಲ. ಬರೆದದ್ದನ್ನು ಮೊದಲು ಮಾಸ್ತರರಿಗೆ ಕಳಿಸುತ್ತೇನೆ. ಅವರು ತಿದ್ದಿ ಕಳಿಸುತ್ತಾರೆ. ಶಾಲೆಯ ಕಾಲದ ಹಾಗೇ, ಸರಿಯಿದ್ದರೆ ಒಂದು ಗೆರೆ, ತಪ್ಪಿದ್ದರೆ ಸುತ್ತು. ಮೂರು ಶೀರ್ಷಿಕೆಗಳಲ್ಲಿ ಊರಿನ ಹೆಸರು ಮೊದಲೇ ಇರಲಿ ಎಂದು ಪಟ್ಟು ಹಿಡಿದರು. ಅವು ಮೊಸರಕಲ್ಲಿನಲ್ಲಿ ಆ ಊರಿನವರೇ ಹಾಡಿದ್ದು. ಆ ಊರನ್ನೇ ಹುಡುಕುವವರು ಇರಬಹುದು, ಇಲ್ಲದಿರಬಹುದು. ಹಾಡಿದವರು ತಮ್ಮ ಊರಿನ ಹೆಸರನ್ನು ಫೋನಿನಲ್ಲಿ ಓದಬೇಕು ಎಂದು ಅವರಿಗೆ ಆಸೆ. ಆ ಮೂರನ್ನು ಹಾಗೇ ಬಿಟ್ಟೆ.

ಎಂಟು ವಾರ ಕಳೆದ ಮೇಲೆ ಇಬ್ಬರೂ ಕುಳಿತು ಲೆಕ್ಕ ನೋಡಿದೆವು. 12ರಲ್ಲಿ ಸಂಧಿಗಳ ಹೆಸರಿದ್ದವು ಹುಡುಕಾಟದಿಂದ ಜನರನ್ನು ತರುತ್ತಿದ್ದವು, ನಿಧಾನವಾಗಿ, ನಿಲ್ಲದೆ. ದುರ್ಗಾ ಸುಳಾದಿಗೂ ಬರುತ್ತಿದ್ದರು. ನಾಲ್ಕು ವಿಡಿಯೊ ಇದ್ದಲ್ಲೇ ಇದ್ದವು. ಅವು ಹೆಚ್ಚು ಜನಕ್ಕೆ ಗೊತ್ತಿಲ್ಲದ ಪದಗಳು. ಗೊತ್ತಿಲ್ಲದ್ದನ್ನು ಯಾರೂ ಹುಡುಕುವುದಿಲ್ಲವಲ್ಲ. ಶೀರ್ಷಿಕೆಯಿಂದ ಅವಕ್ಕೆ ಆಗಬೇಕಾದದ್ದು ಏನೂ ಇರಲಿಲ್ಲ. ಅವುಗಳನ್ನು ಸಂಧಿಗಳ ಜೊತೆ ಒಂದೇ ಪ್ಲೇಲಿಸ್ಟಿನಲ್ಲಿ ಸೇರಿಸಿದೆವು, ಒಂದು ಕೇಳಿದವರಿಗೆ ಮುಂದಿನದು ತಾನಾಗಿ ಬರಲಿ ಎಂದು.

ಜನ ಯಾವ ಶಬ್ದ ಬರೆದು ಹುಡುಕಿ ನಮ್ಮಲ್ಲಿಗೆ ಬಂದರು ಎಂಬ ಪಟ್ಟಿಯೂ ಸ್ಟುಡಿಯೊದಲ್ಲಿ ಸಿಗುತ್ತದೆ. ಅದನ್ನು ಮಾಸ್ತರರಿಗೆ ಓದಿ ಹೇಳಿದೆ. ನಾವು ಊಹಿಸಿದ ಶಬ್ದಗಳಿದ್ದವು, ತಪ್ಪು ಕಾಗುಣಿತಗಳಿದ್ದವು, ನಡುನಡುವೆ ಮತ್ತೆ ಮತ್ತೆ ಒಂದು ಮಾತು ಬರುತ್ತಿತ್ತು: “ಅರ್ಥ ಸಹಿತ”. ಹರಿಕಥಾಮೃತಸಾರ ಅರ್ಥ ಸಹಿತ, ಮಂಗಳಾಚರಣ ಸಂಧಿ ಅರ್ಥ ಸಹಿತ. ನಮ್ಮ ವಿಡಿಯೊಗಳಲ್ಲಿ ಅರ್ಥ ಇರಲಿಲ್ಲ. ಅವರು ಬಂದು, ಸ್ವಲ್ಪ ಕೇಳಿ, ಬೇಕಾದದ್ದು ಸಿಗದೆ ಹೋಗಿದ್ದರು.

ಆ ಎರಡು ಶಬ್ದ ಸೇರಿಸಿದರೆ ಇನ್ನೂ ಜನ ಬರುತ್ತಾರೆ, ಆದರೆ ಇಲ್ಲದ್ದನ್ನು ಬರೆಯಲಾಗದು ಎಂದು ನಾನು ಹೇಳುವ ಮೊದಲೇ ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡರು.

“ಬರೋ ಶನಿವಾರ ಕ್ಯಾಮೆರಾ ತಗೊಂಡು ಬಾ ತಂಗಿ. ಒಂದೊಂದ ಪದಾ ಬಿಡಿಸಿ ಅರ್ಥ ಹೇಳತೀನಿ. ಮೂವತ್ತೆರಡು ಸಂಧಿ ಅದಾವ, ಎಷ್ಟು ದಿನ ಹಿಡೀತದೋ ಹಿಡೀಲಿ. ಹೆಸರು ಮಾತ್ರ ಕಡೀಗೆ ಬರಿ, ಪೂರಾ ಕೇಳಿದ ಮ್ಯಾಗ.”